ಸ್ಕ್ವಾಟ್‌ನಲ್ಲಿ ಹಿಮ್ಮಡಿ ಏಳುತ್ತಿದೆಯೇ? ಮೊದಲು ಪಾದದ ಕೀಲು ನೋಡಿ

ಪ್ರಶ್ನೆ: ನನಗೆ 38 ವರ್ಷ. ಹೊಸದಾಗಿ ಸ್ಕ್ವಾಟ್ ಕಲಿಯುತ್ತಿದ್ದೇನೆ. ಅರ್ಧಕ್ಕಿಂತ ಕೆಳಗಿಳಿದರೆ ಹಿಮ್ಮಡಿ ಮೇಲೇಳುತ್ತದೆ, ಒತ್ತಿ ಹಿಡಿದರೆ ಹಿಂದಕ್ಕೆ ಬೀಳುತ್ತೇನೆ. ಸೊಂಟವನ್ನು ಸಡಿಲಿಸುವ ವ್ಯಾಯಾಮಗಳನ್ನು ದಿನವೂ ಮಾಡಿದರೂ ಏನೂ ಬದಲಾಗಿಲ್ಲ. ಏನು ಮಾಡಲಿ?

ಉತ್ತರ: ನನ್ನ ಅನುಮಾನ ಸೊಂಟದ ಮೇಲಲ್ಲ, ಪಾದದ ಕೀಲಿನ ಮೇಲೆ. ಎರಡು ಸೆಂಟಿಮೀಟರ್ ದಪ್ಪದ ಗಟ್ಟಿ ಹಲಗೆಯ ಮೇಲೆ ಹಿಮ್ಮಡಿಗಳನ್ನಿಟ್ಟು ಕುಳಿತು ನೋಡಿ. ಸಲೀಸಾಗಿ ಕೆಳಗಿಳಿದರೆ ಅಡ್ಡಿ ಪಾದದಲ್ಲೇ ಇದೆ. ಆಗಲೂ ಸಿಕ್ಕಿಕೊಂಡರೆ ಸೊಂಟದ ಕಡೆ ನೋಡಬೇಕು.

ಪಾದವೇ ಕಾರಣವಾದರೆ ಎಷ್ಟು ಬಿಗಿ ಎಂಬುದನ್ನು ಅಳೆಯಿರಿ. ಗೋಡೆಗೆ ಮುಖ ಮಾಡಿ ಒಂದು ಪಾದ ಮುಂದಿಟ್ಟು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ತಾಗಿಸಿ. ಮೊಣಕಾಲು ತಾಗುತ್ತಿರುವವರೆಗೆ ಪಾದವನ್ನು ಹಿಂದೆ ಸರಿಸುತ್ತಾ ಹೋಗಿ, ಕೊನೆಯಲ್ಲಿ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರ ನೋಡಿ. ಸುಮಾರು 10 ಸೆಂಟಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ಬಲಗಾಲಿನಲ್ಲಿ 9, ಎಡಗಾಲಿನಲ್ಲಿ 5 ಬಂತು ಎನ್ನೋಣ. ಆಗ ನಿಮ್ಮನ್ನು ತಡೆಯುತ್ತಿರುವುದು ಎಡಗಾಲು. ಮುಂದೆ ಹೇಳುವ ವ್ಯಾಯಾಮದಲ್ಲಿ ಅದಕ್ಕೆ ಒಂದು ಸುತ್ತು ಹೆಚ್ಚು ಕೊಡಿ.

ಅಳತೆಯ ಭಂಗಿಯೇ ವ್ಯಾಯಾಮವೂ ಹೌದು. ಮೊಣಕಾಲನ್ನು ಕಿರುಬೆರಳಿನತ್ತ ನಿಧಾನವಾಗಿ ಒಯ್ದು, ಮೂರು ಸೆಕೆಂಡ್ ನಿಂತು ಹಿಂದಕ್ಕೆ ಬನ್ನಿ. ಹೀಗೆ ಹತ್ತು ಸಲ, ಎರಡು ಸುತ್ತು. ಅಂಗಾಲಿನ ಕಮಾನು ಒಳಗೆ ಕುಸಿದರೆ ಮೊಣಕಾಲು ಮುಂದೆ ಹೋದಂತೆ ಕಾಣುತ್ತದೆ, ಕೀಲು ಮಾತ್ರ ಬಾಗಿರುವುದಿಲ್ಲ. ಹೊಸಬರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಬಳಿಕ ಮೊಣಕಾಲನ್ನು ಬಾಗಿಸಿಯೇ ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸಿ. ಕಾಲು ನೆಟ್ಟಗಿಟ್ಟು ಹಿಗ್ಗಿಸಿದರೆ ಮೇಲಿನ ಸ್ನಾಯು ಸಡಿಲವಾಗುತ್ತದೆ; ಮೊಣಕಾಲು ಮಡಚಿದ ಸ್ಕ್ವಾಟ್‌ನಲ್ಲಿ ಹಿಡಿದೆಳೆಯುವುದು ಅದರಡಿಯ ಸ್ನಾಯು.

ಎಳೆತ ಹಿಂಭಾಗದಲ್ಲಿ ಅನುಭವವಾಗಬೇಕು. ಪಾದದ ಕೀಲಿನ ಮುಂಭಾಗದಲ್ಲಿ ಚುಚ್ಚಿದಂತಾದರೆ ಬಲವಂತ ಬೇಡ, ಅದು ಕೀಲೇ ಒತ್ತಿಕೊಳ್ಳುತ್ತಿರುವ ಸೂಚನೆ. ಮೊದಲು ಕಾಲು ಉಳುಕಿದ್ದು ಅಥವಾ ಮುರಿದದ್ದು ಇದ್ದರಂತೂ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಸೊಂಟಕ್ಕೆ ಒಂದೇ ವ್ಯಾಯಾಮ ಸಾಕು. ಅಂಗೈ ಮತ್ತು ಮೊಣಕಾಲೂರಿ, ಪೃಷ್ಠವನ್ನು ಹಿಮ್ಮಡಿಯತ್ತ ಒಯ್ಯಿರಿ. ಕೆಳಬೆನ್ನು ಗೂನಾಗತೊಡಗಿದ ಕಡೆ ನಿಲ್ಲಿಸಿ. ಮೊಣಕಾಲುಗಳನ್ನು ಅಗಲಿಸುತ್ತಾ ಮತ್ತೆ ಮಾಡಿ. ಬೆನ್ನು ಗೂನಾಗದೆ ಹೆಚ್ಚು ಹಿಂದೆ ಹೋಗಲು ಬಿಡುವ ಅಗಲದಿಂದಲೇ ಸ್ಕ್ವಾಟ್ ಆರಂಭಿಸಿ, ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಸೊಂಟದ ಮೂಳೆಗಳ ಆಕಾರ ಒಬ್ಬೊಬ್ಬರಿಗೆ ಒಂದೊಂದು ತರಹ, ಆದ್ದರಿಂದ ಬೇರೆಯವರ ನಿಲುವನ್ನು ನಕಲು ಮಾಡಬೇಡಿ.

ಇವೆಲ್ಲ ಮುಗಿದ ಕೂಡಲೇ ಗಟ್ಟಿ ಕಂಬವೊಂದನ್ನು ಹಿಡಿದು ಕೆಳಗೆ ಕುಳಿತು, ಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ಅರ್ಧ ನಿಮಿಷ ಬದಲಿಸಿ. ಉಳಿದ ಸ್ಕ್ವಾಟ್‌ಗಳನ್ನು ಹಲಗೆಯ ಮೇಲೆಯೇ ಮಾಡಿ. ಎರಡು ವಾರಕ್ಕೊಮ್ಮೆ ಗೋಡೆಯ ಬಳಿ ಅಳೆದು, ಅಂತರ ಹೆಚ್ಚಿದಂತೆ ಹಲಗೆಯನ್ನು ತೆಳುವಾಗಿಸಿ. ಎರಡು ತಿಂಗಳಾದರೂ ಅಳತೆ ಕದಲದಿದ್ದರೆ ಹಿಮ್ಮಡಿ ಎತ್ತರವಿರುವ ಸ್ಕ್ವಾಟ್ ಶೂ ತೊಟ್ಟು ಮುಂದುವರಿಯಿರಿ. ಭಾರ ಎತ್ತುವ ಕ್ರೀಡಾಪಟುಗಳು ತೊಡುವುದೂ ಅಂಥದ್ದನ್ನೇ.