ಹೆಮಟೈಟ್ ಪೀಕ್‌ಗಳು ಸರಿಯಾದ ಜಾಗದಲ್ಲೇ ಇವೆ, ಎತ್ತರ ಮಾತ್ರ ಏಕೆ ಹೊಂದುತ್ತಿಲ್ಲ?

ಪ್ರಶ್ನೆ: ಸಂಡೂರು ಕಡೆಯ ಹೊಳಪಿನ ಕಬ್ಬಿಣದ ಅದಿರನ್ನು ಪುಡಿ ಮಾಡಿ ಎಕ್ಸ್‌ಆರ್‌ಡಿ ತೆಗೆಸಿದೆ. ಎಲ್ಲಾ ಪೀಕ್‌ಗಳೂ ಹೆಮಟೈಟ್‌ನವೇ. ಆದರೆ 35.6° ಪೀಕ್ ಹೆಮಟೈಟ್‌ನ ಪ್ರಮಾಣಿತ ಕಾರ್ಡಿನಲ್ಲಿ ಇರುವುದರ ಅರ್ಧವೂ ಇಲ್ಲ. ಬೇರೆ ಖನಿಜ ಸೇರಿದೆಯಾ, ಮಷಿನ್ ತೊಂದರೆಯಾ?

ಉತ್ತರ: ಎರಡೂ ಅಲ್ಲ ಅನಿಸುತ್ತದೆ. ಪುಡಿಯ ಕಣಗಳು ಹೋಲ್ಡರ್‌ನಲ್ಲಿ ಒಂದೇ ದಿಕ್ಕಿಗೆ ಮಲಗಿಕೊಂಡಿವೆ. ಬಳ್ಳಾರಿ ಜಿಲ್ಲೆಯ ಅದಿರನ್ನೇ ದಿನಾ ನೋಡುವ ನನಗೆ ಹೊಳಪಿನ ಅದಿರು ಎಂದ ಕೂಡಲೇ ಮೊದಲು ಬರುವ ಅನುಮಾನ ಇದೇ. ಹಾಗೆ ಹೊಳೆಯುವ ಹೆಮಟೈಟ್‌ನ ಕಣಗಳು ಸಾಮಾನ್ಯವಾಗಿ ತೆಳು ಹಾಳೆಗಳಂತಿರುತ್ತವೆ, ಹಾಳೆಯ ಮುಖವೇ (001) ತಲ. ಅವಲಕ್ಕಿಯನ್ನು ತಟ್ಟೆಗೆ ಹಾಕಿ ಅಂಗೈಯಿಂದ ಒತ್ತಿದರೆ ಹೇಗೆ ಚಪ್ಪಟೆಯಾಗಿ ಕೂರುತ್ತದೋ, ಈ ಪುಡಿಯೂ ಗಾಜಿನಿಂದ ಒತ್ತಿದಾಗ ಹಾಗೇ ಕೂರುತ್ತದೆ.

ಸಾಧಾರಣ ಯಂತ್ರಕ್ಕೆ ಕಾಣುವುದು ಮಾದರಿಯ ಮೇಲ್ಮೈಗೆ ಸಮಾನಾಂತರವಾಗಿರುವ ತಲಗಳು ಮಾತ್ರ. ಹಾಳೆಗಳು ಮಲಗಿದರೆ ಹಾಳೆಯ ಮುಖದ್ದೇ ಆದ, 39.3° ಹತ್ತಿರದ ಪುಟ್ಟ (006) ಪೀಕ್ ಏಳುತ್ತದೆ. ಹಾಳೆಗೆ ಲಂಬವಾಗಿರುವ (110), ಅಂದರೆ ನಿಮ್ಮ 35.6° ಪೀಕ್, ಕುಗ್ಗುತ್ತದೆ. 33.2° ಹತ್ತಿರದ (104) ತಲ ಹಾಳೆಗೆ ಸುಮಾರು 38° ಓರೆಯಾಗಿರುವುದರಿಂದ ಅದು ತುಸು ಏರುತ್ತದೆ. ಪೀಕ್‌ಗಳ ಜಾಗ ಮಾತ್ರ ಕದಲುವುದಿಲ್ಲ.

ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಮಾರ್ಚ್-ಡೊಲೇಸ್ ಸೂತ್ರದಿಂದ ಲೆಕ್ಕ ಹಾಕಬಹುದು. W ಎಂದರೆ ಒಂದು ತಲದ ಪೀಕ್ ಎಷ್ಟು ಪಟ್ಟಾಗುತ್ತದೆ ಎಂಬುದು, α ಎಂದರೆ ಆ ತಲಕ್ಕೂ ಹಾಳೆಯ ಮುಖಕ್ಕೂ ಇರುವ ಕೋನ. ಕಣಗಳು ಎಲ್ಲಾ ದಿಕ್ಕಿಗೂ ಸಮನಾಗಿ ತಿರುಗಿದ್ದರೆ r = 1. ಹಾಳೆಗಳು ಮಲಗಿದಷ್ಟೂ r ಇಳಿಯುತ್ತದೆ.

```
W = (r² cos²α + sin²α / r)^(-3/2)
```

r = 0.7 ಎಂದುಕೊಳ್ಳಿ. (104) ಪೀಕ್ 1.28 ಪಟ್ಟಾಗುತ್ತದೆ, (110) ಪೀಕ್ 0.59 ಪಟ್ಟಿಗೆ ಇಳಿಯುತ್ತದೆ. ಕಾರ್ಡಿನಲ್ಲಿ (104) ಪೀಕ್ 100 ಇದ್ದಾಗ (110) ಸುಮಾರು 70 ಇರಬೇಕು. ಈಗ ಅದು 32 ಆಗುತ್ತದೆ. ನೀವು ಹೇಳುವುದಕ್ಕೆ ಇದು ಸರಿಹೊಂದುತ್ತದೆ. r = 0.9 ಇದ್ದರೂ ಅದು 53ಕ್ಕೆ ಇಳಿಯುತ್ತದೆ, ಆದ್ದರಿಂದ ಸ್ವಲ್ಪ ಮಲಗಿದರೆ ಏನಾಯಿತು ಎಂದು ಬಿಡುವಂತಿಲ್ಲ.

ಖಾತ್ರಿ ಮಾಡಿಕೊಳ್ಳಲು 64° ಹತ್ತಿರದ (300) ಪೀಕ್ ನೋಡಿ. ಅದೂ ಹಾಳೆಗೆ ಲಂಬ, ಹಾಗಾಗಿ (110) ಕುಗ್ಗಿದ ಪ್ರಮಾಣದಲ್ಲೇ ಅದೂ ಕುಗ್ಗಿರಬೇಕು. ಆಮೇಲೆ ಅದೇ ಪುಡಿಯನ್ನು ಹೊರತೆಗೆದು ಮತ್ತೆ ತುಂಬಿ ಅಳೆಯಿರಿ. ಎತ್ತರಗಳು ಪ್ರತಿ ಸಲ ಮನಸ್ಸಿಗೆ ಬಂದ ಹಾಗೆ ಏರಿಳಿದರೆ ಕಣ ದಪ್ಪಗಿದೆ ಎಂದರ್ಥ. ಪ್ರತಿ ಸಲವೂ ಅದೇ ಪೀಕ್‌ಗಳು ಕುಗ್ಗುತ್ತಿದ್ದರೆ ಇದು ಮಲಗಿದ ಹಾಳೆಗಳದೇ ಕೆಲಸ.

ಇಲ್ಲೊಂದು ಅಪಾಯವಿದೆ. ಮ್ಯಾಗ್ನಟೈಟ್‌ನ ಅತಿ ದೊಡ್ಡ ಪೀಕ್ 35.4° ಹತ್ತಿರ, ನಿಮ್ಮ (110) ಪೀಕಿನ ಪಕ್ಕದಲ್ಲೇ ಬರುತ್ತದೆ. ಹಾಳೆಗಳು ಮಲಗಿ ಕುಗ್ಗಿಸಿದ್ದನ್ನು ಮ್ಯಾಗ್ನಟೈಟ್ ತುಂಬಿಕೊಟ್ಟರೆ ಎತ್ತರಗಳು ಕಾರ್ಡಿಗೆ ಸರಿಯಾಗೇ ಕಾಣುತ್ತವೆ, ನಾವು ಶುದ್ಧ ಹೆಮಟೈಟ್ ಎಂದು ಬರೆದುಬಿಡುತ್ತೇವೆ. ಅದಕ್ಕೇ 30.1° ಹತ್ತಿರ ಮ್ಯಾಗ್ನಟೈಟ್‌ನ (220) ಇದೆಯಾ ಎಂದು ತಪ್ಪದೆ ನೋಡಿ. ಪುಡಿಯ ಮೇಲೆ ಆಯಸ್ಕಾಂತ ಆಡಿಸಿಯೂ ನೋಡಿ.

ಈಗ ತಯಾರಿ. ಸ್ಲೈಡಿನ ಮೇಲೆ ಅಸಿಟೋನ್‌ನಲ್ಲಿ ಕಲಸಿ ಒಣಗಿಸುವ ಪದ್ಧತಿ ಈ ಅದಿರಿಗೆ ಬೇಡವೇ ಬೇಡ, ಹಾಳೆಗಳು ನಿಧಾನವಾಗಿ ಇಳಿದು ಅಚ್ಚುಕಟ್ಟಾಗಿ ಮಲಗುತ್ತವೆ. (ರಾಯಚೂರು ಕಡೆಯ ಎರೆಮಣ್ಣಿನ ಜೇಡಿ ಖನಿಜ ಗುರುತಿಸುವವರು ಬೇಕೆಂದೇ ಹೀಗೆ ಮಲಗಿಸುತ್ತಾರೆ, ಅವರಿಗೆ ಬೇಕಿರುವುದೇ ಹಾಳೆಯ ಪೀಕ್.) ಅಗೇಟ್ ಒರಳಿನಲ್ಲಿ ಐಸೊಪ್ರೊಪನಾಲ್ ಹಾಕಿ, ಕಣ 10 ಮೈಕ್ರಾನ್‌ಗಿಂತ ಕೆಳಗೆ ಬರುವಂತೆ ಅರೆಯಿರಿ. ವಿಪರೀತ ಅರೆದರೆ ಪೀಕ್‌ಗಳೇ ಅಗಲವಾಗುತ್ತವೆ. ಅರೆದ ಮೇಲೂ ಹಾಳೆ ಹಾಳೆಯೇ, ಹಾಗಾಗಿ ತುಂಬುವ ರೀತಿಯೇ ಮುಖ್ಯ.

ಹಿಂದಿನಿಂದ ತುಂಬುವ ಹೋಲ್ಡರ್ ಇದ್ದರೆ, ಅದರ ಮುಖವನ್ನು ನಯವಾದ ಗಾಜಿನ ಮೇಲೆ ಇಡಬೇಡಿ, ಒರಟು ಮಾಡಿದ ಗಾಜಿನ ಮೇಲೆ ಬೋರಲು ಇಡಿ. ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಬೀಳದಷ್ಟು ಮಾತ್ರ ಹಗುರವಾಗಿ ಅದುಮಿ, ಹಿಂಬದಿ ಮುಚ್ಚಿ ತಿರುಗಿಸಿ. ಪಕ್ಕದಿಂದ ತುಂಬುವ ಹೋಲ್ಡರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ಅಳೆಯುವ ಮುಖಕ್ಕೆ ನೇರ ಒತ್ತಡವೇ ಬೀಳುವುದಿಲ್ಲ. ಪುಡಿಯನ್ನು ಸಿಂಪಡಿಸಿ ಒಣಗಿಸಿ ಸಣ್ಣ ಗುಂಡುಗಳಾಗಿ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದಕ್ಕೆ ಪುಡಿಯೂ ಸಲಕರಣೆಯೂ ಹೆಚ್ಚು ಬೇಕು. ಹೋಲ್ಡರ್ ತಿರುಗಿಸುತ್ತಾ ಅಳೆದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದರಿಂದ ಹೆಚ್ಚು ಕಣಗಳು ಲೆಕ್ಕಕ್ಕೆ ಬರುತ್ತವೆ, ಅಷ್ಟೇ. ಮಲಗಿದ ಹಾಳೆ ತಿರುಗಿದರೂ ಮಲಗಿಯೇ ಇರುತ್ತದೆ.

ಇಷ್ಟಾದ ಮೇಲೂ ಉಳಿದದ್ದನ್ನು ಎಲ್ಲಾ ಪೀಕ್‌ಗಳನ್ನೂ ಒಟ್ಟಿಗೆ ಹೊಂದಿಸುವ ರೀಟ್‌ವೆಲ್ಡ್ ಲೆಕ್ಕದಲ್ಲಿ (001) ದಿಕ್ಕಿಗೆ r ಬದಲಾಗಲು ಬಿಟ್ಟು ಸರಿಪಡಿಸಿ. r 0.7ರ ಆಸುಪಾಸು ಬಂದರೆ ನಾನು ಆ ಅಂಕಿಯನ್ನು ನಂಬದೆ ಮಾದರಿಯನ್ನೇ ಮತ್ತೆ ತುಂಬುತ್ತೇನೆ. ಮ್ಯಾಗ್ನಟೈಟ್ ಇರುವಾಗಲಂತೂ 35.5° ಸುತ್ತಲಿನ ಎತ್ತರವನ್ನು r ಮತ್ತು ಮ್ಯಾಗ್ನಟೈಟ್ ಪ್ರಮಾಣ ಎರಡೂ ಹಂಚಿಕೊಳ್ಳುತ್ತವೆ. ಆಗ (300) ಮತ್ತು 30.1° ಪೀಕ್‌ಗಳು ಚೆನ್ನಾಗಿ ಎದ್ದು ಕಾಣುವಷ್ಟು ಹೊತ್ತು ಸ್ಕ್ಯಾನ್ ಮಾಡಿಸಿ, ಇಲ್ಲದಿದ್ದರೆ r ಮತ್ತು ಮ್ಯಾಗ್ನಟೈಟ್ ಪ್ರಮಾಣವನ್ನು ಬೇರೆ ಬೇರೆ ಬಿಡಿಸಲು ದಾರಿಯಿಲ್ಲ.