ವ್ಯಾಂಕೊಮೈಸಿನ್ ಇಂಜೆಕ್ಷನ್ ಪುಡಿಯನ್ನು ಕುಡಿಸಬಹುದೇ?

ಪ್ರಶ್ನೆ: ನಾವು ಯಾದಗಿರಿಯವರು. ಮೂತ್ರದ ಸೋಂಕಿಗೆ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಅವ್ವನಿಗೆ ಭೇದಿ ಶುರುವಾಗಿದೆ. ಮಲ ಪರೀಕ್ಷೆಯಲ್ಲಿ ಸಿ. ಡಿಫಿಸಿಲ್ ಎಂದು ಬಂದಿದೆ. ಕಲಬುರಗಿಯ ವೈದ್ಯರು ವ್ಯಾಂಕೊಮೈಸಿನ್ ಇಂಜೆಕ್ಷನ್ ಬರೆದು ಕುಡಿಸಿ ಎಂದಿದ್ದಾರೆ. ಅಂಗಡಿಯವರು ಅದು ನರಕ್ಕೆ ಕೊಡುವುದು ಎನ್ನುತ್ತಾರೆ. ಇಲ್ಲೇ ಸಲೈನ್ ಜೊತೆ ಹಾಕಿಸಿದರೆ ಬೇಗ ಗುಣವಾಗುವುದಿಲ್ಲವೇ?

ಉತ್ತರ: ದಯವಿಟ್ಟು ನರಕ್ಕೆ ಹಾಕಿಸಬೇಡಿ. ವೈದ್ಯರು ಬರೆದಿರುವುದು ಸರಿಯಾಗಿದೆ. ನಾನು ಕಲಬುರಗಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದೇನೆ. ಈ ಚೀಟಿ ಹಿಡಿದು ಗಾಬರಿಯಿಂದ ಬರುವವರು ನೀವೊಬ್ಬರೇ ಅಲ್ಲ.

ಈ ರೋಗಾಣು ಇರುವುದು ದೊಡ್ಡ ಕರುಳಿನ ಒಳಗೆ. ಆಂಟಿಬಯೋಟಿಕ್ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದ ಮೇಲೆ ಇದು ಬೆಳೆದು ವಿಷವನ್ನು ಸುರಿಸುತ್ತದೆ, ಅದರಿಂದ ಕರುಳಿನ ಗೋಡೆ ಉರಿಯೇಳುತ್ತದೆ. ವ್ಯಾಂಕೊಮೈಸಿನ್ ನರದಿಂದ ಹೋದರೆ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ, ಕರುಳಿನ ಒಳಗೆ ಸಾಕಷ್ಟು ತಲುಪುವುದೇ ಇಲ್ಲ. ಕುಡಿದರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬಹುಪಾಲು ನೇರವಾಗಿ ದೊಡ್ಡ ಕರುಳಿಗೇ ಇಳಿಯುತ್ತದೆ. ಬೇಕಾಗಿರುವುದೂ ಅದೇ. ಕ್ಯಾಪ್ಸೂಲ್ ಸಿಗದಿದ್ದಾಗ ಇಂಜೆಕ್ಷನ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸುವುದು ಒಪ್ಪಿತವಾದ ಪದ್ಧತಿ.

ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಬಾರಿ, 10 ದಿನ. 500 ಮಿಲಿಗ್ರಾಂ ಸೀಸೆಗೆ 10 ಮಿಲಿಲೀಟರ್ ಸ್ಟೆರೈಲ್ ನೀರು ಹಾಕಿ ಪೂರ್ತಿ ಕರಗಿಸಿದರೆ 2.5 ಮಿಲಿಲೀಟರ್‌ನಲ್ಲಿ 125 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದು ಸೀಸೆ ಒಂದು ದಿನಕ್ಕೆ ಸರಿಹೋಗುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಸ್ವಲ್ಪ ನೀರಿಗೆ ಬೆರೆಸಿ ಕೊಡಿ. ಕಹಿ ಎಂದು ಅವರು ಮುಖ ತಿರುಗಿಸಿದರೆ ತುಸು ಶರಬತ್ತು ಸೇರಿಸಬಹುದು. ಉಳಿದದ್ದು ಫ್ರಿಜ್‌ನಲ್ಲಿರಲಿ. ಎಡವಟ್ಟಾಗುವುದು ಸೀಸೆ ಕೊಳ್ಳುವಾಗ: 1 ಗ್ರಾಂ ಸೀಸೆಯೂ ಸಿಗುತ್ತದೆ, ಅದಕ್ಕೂ 10 ಮಿಲಿಲೀಟರ್ ನೀರನ್ನೇ ಹಾಕಿದರೆ ಪ್ರತಿ ಗುಟುಕಿನಲ್ಲೂ ಔಷಧ ಎರಡು ಪಟ್ಟಾಗುತ್ತದೆ. ಆದ್ದರಿಂದ ಮೊದಲ ದಿನದ ಔಷಧವನ್ನು ನಿಮಗೆ ಬರೆದುಕೊಟ್ಟ ವೈದ್ಯರ ಬಳಿಯೋ ಅಲ್ಲಿನ ಔಷಧ ವಿಭಾಗದಲ್ಲೋ ಎದುರಿಗೇ ತಯಾರಿಸಿ ತೋರಿಸಿಕೊಳ್ಳಿ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಓಆರ್‌ಎಸ್ ಕುಡಿಸುತ್ತಿರಿ, ನಮ್ಮ ಕಡೆಯ ಬಿಸಿಲಿನಲ್ಲಿ ವಯಸ್ಸಾದವರು ಬಹಳ ಬೇಗ ಬಳಲುತ್ತಾರೆ. ಮೂತ್ರದ ಸೋಂಕಿನ ಹಳೆಯ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬಹುದೇ ಎಂದು ಇವತ್ತೇ ಕೇಳಿ.

ಮೂರರಿಂದ ಐದು ದಿನಗಳಲ್ಲಿ ಭೇದಿ ಕಡಿಮೆಯಾಗತೊಡಗಬೇಕು. ನನಗೆ ಹೆಚ್ಚು ಆತಂಕ ತರುವುದು ಬೇರೆಯೇ ಒಂದು ಚಿತ್ರ: ಭೇದಿ ಥಟ್ಟನೆ ನಿಂತು ಹೊಟ್ಟೆ ಉಬ್ಬಿ ನೋವು ಹೆಚ್ಚುವುದು. ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರೆ, ಆದರೆ ಕರುಳು ಚಲನೆಯನ್ನೇ ನಿಲ್ಲಿಸಿರಬಹುದು. ಜೋರು ಜ್ವರ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಅಂಥ ಸ್ಥಿತಿಯಲ್ಲಿ ಪ್ರಮಾಣ 500 ಮಿಲಿಗ್ರಾಂಗೆ ಏರುತ್ತದೆ, ಜೊತೆಗೆ ಮೆಟ್ರೊನಿಡಜೋಲ್ ನರಕ್ಕೆ ಕೊಡುತ್ತಾರೆ. ಅದು ಮನೆಯಲ್ಲಿ ನಿಭಾಯಿಸುವ ಕಾಯಿಲೆಯಲ್ಲ.

ಇನ್ನು ಇದೇ ಸೋಂಕಿಗೆ ಕೊಡುವ ಇನ್ನೊಂದು ಔಷಧ ಫಿಡಾಕ್ಸೊಮೈಸಿನ್ ವಿಷಯ. ಚಿತ್ತಾಪುರ ಕಡೆಯ ನಿವೃತ್ತ ಶಿಕ್ಷಕರೊಬ್ಬರಿಗೆ ಹಲ್ಲಿನ ಬಾವಿಗೆ ಕ್ಲಿಂಡಮೈಸಿನ್ ಕೊಟ್ಟ ಮೇಲೆ ಇದೇ ಭೇದಿ ಬಂತು. ವ್ಯಾಂಕೊಮೈಸಿನ್ ಪೂರ್ತಿ ಕುಡಿದರು, ಮಲ ಗಟ್ಟಿಯಾಯಿತು, ಊರಿಗೆ ಹೋದರು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಶುರು. ಔಷಧ ಸೋತಿರಲಿಲ್ಲ, ರೋಗಾಣುವಿನ ಬೀಜಾಣುಗಳು ಕರುಳಿನಲ್ಲಿ ಉಳಿದಿದ್ದವು, ಅವುಗಳನ್ನು ಹತ್ತಿಕ್ಕಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ವ್ಯಾಂಕೊಮೈಸಿನ್ ಕೂಡ ಕೊಂದಿತ್ತು. ಎರಡನೆಯ ಸಲ ಅವರಿಗೆ ಫಿಡಾಕ್ಸೊಮೈಸಿನ್ 200 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡರಂತೆ 10 ದಿನ ಕೊಟ್ಟರು. ಇದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಭೇದಿ ನಿಲ್ಲಿಸುವುದರಲ್ಲಿ ಎರಡೂ ಸಮಸಮವಾಗಿದ್ದವು, ಆದರೆ ಮರುಕಳಿಸಿದ್ದು ವ್ಯಾಂಕೊಮೈಸಿನ್ ಪಡೆದವರಲ್ಲಿ ಶೇಕಡಾ 25ರಷ್ಟು, ಫಿಡಾಕ್ಸೊಮೈಸಿನ್ ಪಡೆದವರಲ್ಲಿ ಶೇಕಡಾ 15ರಷ್ಟು. ಹಾಗಾಗಿ ಕೈಗೆಟುಕಿದರೆ ಮೊದಲ ಸಲವೇ ಅದು ಮೇಲು. ಬೆಲೆ ಮಾತ್ರ ಬಹಳ ಹೆಚ್ಚು. ಸಾಲ ಮಾಡಿ ಅದರ ಹಿಂದೆ ಓಡಬೇಕಿಲ್ಲ, ವ್ಯಾಂಕೊಮೈಸಿನ್ ಕೀಳು ಚಿಕಿತ್ಸೆಯಲ್ಲ.

ಗುಣವಾದ ಮೇಲೆ ಖಾತ್ರಿಗೆಂದು ಮಲ ಪರೀಕ್ಷೆ ಮಾಡಿಸಬೇಡಿ, ಭೇದಿ ನಿಂತ ಮೇಲೂ ಅದು ವಾರಗಟ್ಟಲೆ ಪಾಸಿಟಿವ್ ಬರಬಹುದು. ಮುಂದಿನ ಎರಡು ತಿಂಗಳಲ್ಲಿ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಮಾತ್ರ ಅದೇ ವೈದ್ಯರ ಬಳಿ ಹೋಗಿ. ಅಲ್ಲಿಯವರೆಗೆ ಅವ್ವನ ಆರೈಕೆ ಮಾಡುವವರೆಲ್ಲ ಸೋಪು ನೀರಿನಿಂದಲೇ ಕೈ ತೊಳೆಯಲಿ. ಸ್ಯಾನಿಟೈಸರ್ ಈ ಬೀಜಾಣುಗಳನ್ನು ಕೊಲ್ಲುವುದಿಲ್ಲ.