ಬರಹಗಾರರಿಗೆ ಸಲಹೆ: ಅಧೀನ ಶಾಸನದ ಪ್ರಶ್ನೆಗಳು ಎಲ್ಲಿ ಎಡವಿವೆ

"ಸರ್, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದುವವರಿಗಾಗಿ ಅಧೀನ ಶಾಸನದ ಮೇಲೆ ಇಪ್ಪತ್ತೈದು ಬಹು ಆಯ್ಕೆ ಪ್ರಶ್ನೆ ಬರೆದು ಕಳಿಸಿದ್ದೇನೆ. ಪ್ರಕರಣಗಳ ಹೆಸರು, ವರ್ಷ ಎಲ್ಲ ಎರಡೆರಡು ಸಲ ತಾಳೆ ನೋಡಿದ್ದೇನೆ. ಪ್ರಕಟಿಸುತ್ತೀರಾ? ಆಗದಿದ್ದರೆ ಯಾಕೆ ಅಂತ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ."

ಈಗ ಇರುವ ಹಾಗೆ ಆಗುವುದಿಲ್ಲ. ಹೆಸರು, ವರ್ಷ ಎಲ್ಲ ಸರಿಯಾಗಿಯೇ ಇವೆ. ಆದರೆ ನಿಮ್ಮ ಬಹುಪಾಲು ಪ್ರಶ್ನೆಗಳು ಕೇಳುವುದೂ ಅವನ್ನೇ. "ಈ ತತ್ವ ಯಾವ ಪ್ರಕರಣದ್ದು" ಎಂದು ಕೇಳಿದರೆ, ಗೈಡ್ ಪುಸ್ತಕದ ಕೊನೆಯ ಪುಟ ಬಾಯಿಪಾಠ ಮಾಡಿದವನಿಗೆ ಪೂರ್ತಿ ಅಂಕ, ತೀರ್ಪು ಓದಿ ಹೆಸರು ಮರೆತವನಿಗೆ ಸೊನ್ನೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮೂರು ಕಡೆ ನಿಮ್ಮ ಕೀ ಉತ್ತರವೇ ತಪ್ಪು.

ಏಳನೆಯ ಪ್ರಶ್ನೆಯಿಂದ ಶುರು ಮಾಡೋಣ. ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ (1960) ನಿಯಮಗಳು ಮೂಲ ಕಾಯ್ದೆಯನ್ನು ಮೀರಿದ್ದರಿಂದ ರದ್ದಾದವು ಎಂಬ ಹೇಳಿಕೆಗೆ ನೀವು 'ಸರಿ' ಎಂದು ಕೊಟ್ಟಿದ್ದೀರಿ. ಅಲ್ಲಿ ಬಿದ್ದದ್ದು ನಿಯಮವಲ್ಲ, ಕಾಯ್ದೆಯ ಮಾತು. ಔಷಧಿ ಜಾಹೀರಾತುಗಳಿಗೆ ಕಡಿವಾಣ ಹಾಕಿದ 1954ರ ಕಾಯ್ದೆಯ 3ನೇ ಸೆಕ್ಷನ್ನು ಕೆಲವು ರೋಗಗಳನ್ನು ಹೆಸರಿಸಿ, ನಿಯಮಗಳಲ್ಲಿ ಸೂಚಿಸುವ ಬೇರೆ ಯಾವುದೇ ರೋಗಕ್ಕೂ ಇದು ಅನ್ವಯ ಎಂದಿತ್ತು. ಆ 'ಬೇರೆ ಯಾವುದೇ' ರೋಗವನ್ನು ಸರ್ಕಾರ ಯಾವ ಅಳತೆಗೋಲಿನಿಂದ ಆರಿಸಬೇಕು? ಕಾಯ್ದೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಾಗಾಗಿ ಅಧಿಕಾರ ಕೊಟ್ಟ ಮಾತೇ ಅಸಿಂಧು ಆಯಿತು. ಶಾಸಕಾಂಗ ತನ್ನ ಮೂಲಭೂತ ಕೆಲಸವನ್ನು, ಅಂದರೆ ನೀತಿ ನಿರ್ಧಾರವನ್ನು, ಬೇರೆಯವರ ಕೈಗೆ ದಾಟಿಸುವಂತಿಲ್ಲ ಎಂಬ 1951ರ ದೆಹಲಿ ಕಾನೂನುಗಳ ತೀರ್ಪಿನ ದಾರಿ ಇದು.

ಇದರ ಪಕ್ಕದಲ್ಲಿ 2016ರ ಕಾಲ್ ಡ್ರಾಪ್ ಪ್ರಕರಣವನ್ನು ಇಟ್ಟು ನೋಡಿ. ಕರೆ ಕಡಿದುಹೋದರೆ ಮೊಬೈಲ್ ಕಂಪನಿ ಗ್ರಾಹಕರಿಗೆ ಒಂದು ರೂಪಾಯಿ ಕೊಡಬೇಕು, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗೆ ಎಂದು ಟ್ರಾಯ್ ನಿಯಮ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಯಮ ಮಾಡುವ ಅಧಿಕಾರ ಕೊಟ್ಟ ಕಾಯ್ದೆಗೆ ಮಾತ್ರ ಏನೂ ಆಗಲಿಲ್ಲ. ಶೇ. 2ರವರೆಗೆ ಕರೆ ಕಡಿದುಹೋಗಬಹುದು ಎಂದು ಸೇವೆಯ ಗುಣಮಟ್ಟದ ನಿಯಮದಲ್ಲಿ ತಾನೇ ಒಪ್ಪಿದ್ದ ಟ್ರಾಯ್, ಆ ಮಿತಿಯೊಳಗಿದ್ದ ಕಂಪನಿಗೂ, ಯಾರ ತಪ್ಪು ಎಂದು ನೋಡದೆ, ದಂಡ ಹಾಕಿದ್ದು ಸ್ವೇಚ್ಛೆಯ ಕ್ರಮ ಎಂಬುದು ಮುಖ್ಯ ಆಕ್ಷೇಪವಾಗಿತ್ತು.

ಎರಡರಲ್ಲೂ ಕೋರ್ಟು 'ರದ್ದು' ಎಂದಿತು, ಆದರೆ ಏಟು ಬಿದ್ದ ಜಾಗ ಬೇರೆ. ಈ ವಿಷಯದ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ತಪ್ಪು ಕಾಯ್ದೆಯಲ್ಲಿದೆಯೋ, ಕಾಯ್ದೆ ಸರಿಯಿದ್ದು ಅದರಡಿ ಮಾಡಿದ ನಿಯಮದಲ್ಲಿದೆಯೋ ಎಂದು ಅಭ್ಯರ್ಥಿಯ ಬಾಯಿಂದ ಹೇಳಿಸುವ ಒಂದೇ ಒಂದು ಪ್ರಶ್ನೆಯೂ ನಿಮ್ಮ ಇಪ್ಪತ್ತೈದರಲ್ಲಿ ಇಲ್ಲ.

ಇನ್ನು ಹದಿನಾಲ್ಕನೆಯದು. ಗೆಜೆಟ್‌ನಲ್ಲಿ ಪೂರ್ಣ ಪಾಠ ಅಚ್ಚಾಗದಿದ್ದರೆ ಅಧೀನ ಶಾಸನ ಅಸಿಂಧು ಎಂದು ಬರೆದು, ಆಧಾರಕ್ಕೆ 1987ರ ಬಿ.ಕೆ. ಶ್ರೀನಿವಾಸನ್ ಪ್ರಕರಣ ಕೊಟ್ಟಿದ್ದೀರಿ. ಇದಂತೂ ನಮ್ಮ ಬೆಂಗಳೂರಿನದೇ ಕೇಸು, ಇದನ್ನೇ ತಲೆಕೆಳಗು ಮಾಡಿದ್ದೀರಲ್ಲ! ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಎದ್ದ ಎತ್ತರದ ಕಟ್ಟಡಗಳ ಮೇಲೆ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಯೋಜನೆ ಮತ್ತು ವಲಯ ನಿಯಂತ್ರಣಗಳು ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ, ಆದ್ದರಿಂದ ಅವು ಜಾರಿಗೇ ಬಂದಿಲ್ಲ ಎಂಬುದು ಕಟ್ಟಿದವರ ವಾದ. ಗೆಜೆಟ್‌ನಲ್ಲಿ ಬಂದಿದ್ದದ್ದು ಒಂದು ಸೂಚನೆ ಮಾತ್ರ: ಯೋಜನೆ, ನಿಯಂತ್ರಣಗಳಿಗೆ ಅನುಮೋದನೆ ಸಿಕ್ಕಿದೆ, ಪ್ರತಿಯನ್ನು ಕಚೇರಿಯಲ್ಲಿ ನೋಡಬಹುದು ಎಂದು.

ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಮೊದಲು ತತ್ವವನ್ನು ಗಟ್ಟಿಯಾಗಿ ಹೇಳಿದರು. ಸಂಸತ್ತಿನ ಕಾನೂನು ಎಲ್ಲರ ಕಣ್ಣೆದುರು ಆಗುತ್ತದೆ. ಅಧೀನ ಶಾಸನ ಹಾಗಲ್ಲ, ಎಷ್ಟೋ ಸಲ ಮಂತ್ರಿಯ ಅಥವಾ ಕಾರ್ಯದರ್ಶಿಯ ಕೋಣೆಯಲ್ಲಿ ಯಾರ ಗಮನಕ್ಕೂ ಬಾರದೆ ತಯಾರಾಗುತ್ತದೆ. ಆದ್ದರಿಂದ ಪ್ರಕಟಣೆ ಬೇಕೇ ಬೇಕು. ಮೂಲ ಕಾಯ್ದೆ ಪ್ರಕಟಣೆಯ ವಿಧಾನ ಹೇಳಿದ್ದರೆ ಅದನ್ನು ಅನುಸರಿಸಬೇಕು. ಹೇಳಿಲ್ಲದಿದ್ದರೆ ರೂಢಿಯಲ್ಲಿರುವ ವಿಧಾನ, ಸಾಮಾನ್ಯವಾಗಿ ಗೆಜೆಟ್. ಈ ತತ್ವವನ್ನು ಬೆಂಗಳೂರಿನ ಸಂಗತಿಗೆ ಹಚ್ಚಿ ನೋಡಿದಾಗ, ಸೂಚನೆಯ ಜತೆಗೆ ಕಚೇರಿಯಲ್ಲಿ ಪ್ರತಿ ಇಟ್ಟದ್ದು ಸಾಕು ಎಂದರು. ಕೊರತೆ ಏನಾದರೂ ಇದ್ದರೂ ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 76-ಜೆ ಸೆಕ್ಷನ್ನು ಅಂಥ ಲೋಪವನ್ನು ಮನ್ನಿಸುತ್ತದೆ ಎಂದೂ ಸೇರಿಸಿದರು. ಸೋತವರು ಕಟ್ಟಡದವರು.

ಇದಕ್ಕೆ ಎದುರು ದಿಕ್ಕಿನ ಉದಾಹರಣೆ 1975ರ ಗೋಧ್ರಾ ಪ್ರಕರಣ. ಅಲ್ಲಿನ ಕೃಷಿ ಮಾರುಕಟ್ಟೆ ಕಾಯ್ದೆಯ ಪ್ರಕಾರ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಗುಜರಾತಿ ಪತ್ರಿಕೆಯೊಂದರಲ್ಲೂ ಬರಬೇಕು. ಶುಂಠಿಯನ್ನು ಪಟ್ಟಿಗೆ ಸೇರಿಸಿದ ಅಧಿಸೂಚನೆ ಗೆಜೆಟ್‌ನಲ್ಲಿ ಬಂತು, ಪತ್ರಿಕೆಯಲ್ಲಿ ಬರಲಿಲ್ಲ. ಲೈಸೆನ್ಸ್ ಇಲ್ಲದೆ ಶುಂಠಿ ವ್ಯಾಪಾರ ಮಾಡಿದ ಆರೋಪದಿಂದ ವ್ಯಾಪಾರಿ ಪಾರಾದ. ಗೆಜೆಟ್ ಒಂದೇ ಅಲ್ಲಿ ಸಾಕಾಗಲಿಲ್ಲ. ಹೀಗೆ ಎರಡು ತೀರ್ಪನ್ನೂ ಜೋಡಿಸಿ ಓದಿದವನಿಗೆ ಮಾತ್ರ ಕಾಣುವ ಪ್ರಶ್ನೆ ಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

"ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಆ ಪ್ರದೇಶದಲ್ಲಿ ಪ್ರಸಾರವಿರುವ ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಲೋಪ ಮನ್ನಿಸುವ ಸೆಕ್ಷನ್ ಅದರಲ್ಲಿಲ್ಲ. ಹುಣಸೆಹಣ್ಣನ್ನು ಪಟ್ಟಿಗೆ ಸೇರಿಸಿದ ಅಧಿಸೂಚನೆ ಗೆಜೆಟ್‌ನಲ್ಲಿ ಮಾತ್ರ ಬಂದಿದೆ. ಲೈಸೆನ್ಸ್ ಇಲ್ಲದೆ ಹುಣಸೆಹಣ್ಣು ಮಾರಿದವನ ಮೇಲೆ ಕೇಸು. (ಅ) ಗೆಜೆಟ್ ಸಾಕು, ಕೇಸು ನಿಲ್ಲುತ್ತದೆ. (ಆ) ಅಧಿಸೂಚನೆ ಜಾರಿಗೆ ಬಂದಿಲ್ಲ, ಕೇಸು ನಿಲ್ಲುವುದಿಲ್ಲ. (ಇ) ವ್ಯಾಪಾರಿಗೆ ಅಧಿಸೂಚನೆ ಗೊತ್ತಿತ್ತು ಎಂದು ತೋರಿಸಿದರೆ ಕೇಸು ನಿಲ್ಲುತ್ತದೆ. (ಈ) ಕಾಯ್ದೆಯೇ ಮಿತಿಮೀರಿ ಅಧಿಕಾರ ಕೊಟ್ಟಿದೆ, ಅದೇ ಅಸಿಂಧು."

ಉತ್ತರ 'ಆ'. ಉಳಿದ ಮೂರನ್ನೂ ಲೆಕ್ಕ ಹಾಕಿ ಇಟ್ಟಿದ್ದೇನೆ. 'ಅ' ಆರಿಸಿದವನು ಗೆಜೆಟ್ಟೇ ಕೊನೆಯ ಮಾತು ಎಂದುಕೊಂಡವನು. 'ಈ' ಆರಿಸಿದವನಿಗೆ ಹಮ್‌ದರ್ದ್ ಅರ್ಥವಾಗಿಲ್ಲ. 'ಇ' ನಿಜವಾದ ಬಲೆ, ಕಾನೂನು ಹುಟ್ಟುವುದು ಪ್ರಕಟಣೆಯಿಂದಲೇ ಹೊರತು ಒಬ್ಬರ ತಿಳಿವಳಿಕೆಯಿಂದಲ್ಲ ಎಂಬುದನ್ನು ಯೋಚಿಸದವನು ಅದರಲ್ಲಿ ಬೀಳುತ್ತಾನೆ. "ಲೋಪ ಮನ್ನಿಸುವ ಸೆಕ್ಷನ್ ಅದರಲ್ಲಿಲ್ಲ" ಎಂಬ ವಾಕ್ಯ ಬಿಟ್ಟರೆ, ಶ್ರೀನಿವಾಸನ್ ಓದಿದ ಯಾರಾದರೂ 76-ಜೆ ಹಿಡಿದುಕೊಂಡು ನಿಮ್ಮ ಕೀ ಉತ್ತರಕ್ಕೆ ತಕರಾರು ಹಾಕುತ್ತಾರೆ, ಅವರ ತಕರಾರು ಸರಿಯಾಗಿಯೂ ಇರುತ್ತದೆ.

ಹತ್ತೊಂಬತ್ತನೆಯದರಲ್ಲಿ, ಸದನದಲ್ಲಿ ಮಂಡಿಸದ ನಿಯಮ ತಾನಾಗಿಯೇ ರದ್ದು ಎಂದಿದ್ದೀರಿ. 1979ರ ಅಟ್ಲಾಸ್ ಸೈಕಲ್ ತೀರ್ಪು ಹಾಗೆ ಹೇಳುವುದಿಲ್ಲ. ಸುಮ್ಮನೆ 'ಮಂಡಿಸಬೇಕು' ಎಂದಷ್ಟೇ ಕಾಯ್ದೆಯಲ್ಲಿದ್ದರೆ ಅದು ನಿರ್ದೇಶನ ಮಾತ್ರ, ತಪ್ಪಿದರೂ ಆದೇಶ ಉಳಿಯುತ್ತದೆ. ಸದನ ಒಪ್ಪಿದ ಮೇಲೆಯೇ ಜಾರಿ ಎಂದು ಕಾಯ್ದೆ ಹೇಳಿದ್ದರೆ ಮಾತು ಬೇರೆ. ಆದ್ದರಿಂದ ಕಾಯ್ದೆಯ ಆ ಸಾಲನ್ನು ಪ್ರಶ್ನೆಯೊಳಗೇ ಕೊಡಿ. ಇಪ್ಪತ್ತೊಂದನೆಯದರಲ್ಲಿ ಸುಗ್ರೀವಾಜ್ಞೆಯನ್ನು ಅಧೀನ ಶಾಸನದ ಪಟ್ಟಿಗೆ ಸೇರಿಸಿದ್ದೀರಿ, ತೆಗೆದುಹಾಕಿ. ಆ ಅಧಿಕಾರವನ್ನು 123 ಮತ್ತು 213ನೇ ವಿಧಿಗಳು ನೇರವಾಗಿ ಕೊಡುತ್ತವೆ, ಅಲ್ಲಿ ಮೂಲ ಕಾಯ್ದೆಯೇ ಇಲ್ಲ.

ಇಪ್ಪತ್ತೈದು ಬೇಡ, ಹತ್ತು ಸಾಕು. ಪ್ರತಿಯೊಂದೂ ಒಂದು ಸಣ್ಣ ಸಂಗತಿಯಿಂದ ಶುರುವಾಗಲಿ, ಪ್ರಕರಣದ ಹೆಸರು ಪ್ರಶ್ನೆಯಲ್ಲಿ ಬೇಡ, ವಿವರಣೆಯಲ್ಲಿ ಬರಲಿ. ತಪ್ಪು ಆಯ್ಕೆ ಒಂದೊಂದಕ್ಕೂ ಯಾಕೆ ತಪ್ಪು ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲು ಆಗದಿದ್ದರೆ ಆ ಆಯ್ಕೆಯನ್ನೇ ಬದಲಿಸಿ. ಪರಿಷ್ಕರಿಸಿದ್ದು ಕೈಸೇರಿದರೆ ಮತ್ತೆ ಓದಿ ತಿಳಿಸುತ್ತೇನೆ.